ಗೈರಾದ ಮಕ್ಕಳಿಗೆ ಬದಲಿ ಪ್ರಶ್ನೆಪತ್ರಿಕೆ: ತೂಕ ಸಮವಾಗುವುದು ಎಲ್ಲಿ?

ಹತ್ತನೇ ತರಗತಿಯಲ್ಲಿ ವರ್ಗಸಮೀಕರಣಗಳ ಪಾಠ ಮುಗಿದು, 20 ಅಂಕದ ಕಿರುಪರೀಕ್ಷೆ ನಡೆದಿದೆ ಎಂದುಕೊಳ್ಳಿ. ಮೂವರು ಮಕ್ಕಳು ಅಂದು ಬಂದಿಲ್ಲ. ಒಬ್ಬನಿಗೆ ಜ್ವರ, ಇನ್ನಿಬ್ಬರು ತಾಲ್ಲೂಕು ಮಟ್ಟದ ಕಬಡ್ಡಿಗೆ ಹೋಗಿದ್ದರು. ಮುಂದಿನ ವಾರ ಅವರಿಗೂ ಪರೀಕ್ಷೆ ಆಗಬೇಕು. ಹಳೆಯ ಪತ್ರಿಕೆಯನ್ನೇ ಕೊಡುವಂತಿಲ್ಲ, ಅದರ ಪ್ರಶ್ನೆಗಳು ಅಷ್ಟರಲ್ಲಿ ಗೆಳೆಯರ ಬಾಯಲ್ಲಿ ಓಡಾಡಿರುತ್ತವೆ. ಹಾಗಾಗಿ ಮೇಷ್ಟ್ರು ಊಟದ ಬಿಡುವಿನಲ್ಲಿ ಕೂತು, ಅದೇ ಪಾಠದಿಂದ ಬೇರೆ ಹತ್ತು ಪ್ರಶ್ನೆ ಆರಿಸಿ ಹೊಸ ಪತ್ರಿಕೆ ಬರೆಯುತ್ತಾರೆ. ಪಾಠ ಅದೇ, ಒಟ್ಟು ಅಂಕ ಅದೇ, ಸಮಯವೂ ಅದೇ. ಆದರೂ ಆ ಮೂವರು ಬರೆದದ್ದು ಉಳಿದವರು ಬರೆದ ಪರೀಕ್ಷೆಯೇ ಆಗಿರುತ್ತದೆ ಎನ್ನಲು ಬರುವುದಿಲ್ಲ.

ಶಾಲೆಯಲ್ಲಿ ಇದಕ್ಕೆ ಇರುವ ಮೊದಲ ಸಾಧನ ನೀಲನಕ್ಷೆ. ಯಾವ ಘಟಕಕ್ಕೆ ಎಷ್ಟು ಅಂಕ, ಒಂದು ಅಂಕದ ಪ್ರಶ್ನೆ ಎಷ್ಟು, ನಾಲ್ಕು ಅಂಕದ್ದು ಎಷ್ಟು, ಅವುಗಳಲ್ಲಿ ನೆನಪನ್ನು ಕೇಳುವುದೆಷ್ಟು, ತಿಳುವಳಿಕೆ ಮತ್ತು ಅನ್ವಯವನ್ನು ಕೇಳುವುದೆಷ್ಟು ಎಂಬುದನ್ನೆಲ್ಲ ಅದು ಮನೆಮನೆಯಾಗಿ ತೋರಿಸುತ್ತದೆ. ಕರ್ನಾಟಕದಲ್ಲಿ 2023-24ರಲ್ಲಿ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಪರೀಕ್ಷೆ-1, 2, 3 ಎಂದು ಮೂರು ಅವಕಾಶ ಬಂದ ಮೇಲೆ, ಒಂದೇ ನೀಲನಕ್ಷೆಗೆ ಹಲವು ಪತ್ರಿಕೆ ಹೊಂದಿಸುವ ಕೆಲಸ ಇನ್ನಷ್ಟು ಮುಖ್ಯವಾಗಿದೆ. ಆದರೆ ನೀಲನಕ್ಷೆ ಪಾಠದ ವ್ಯಾಪ್ತಿಯನ್ನು ಕಾಯುವಷ್ಟು ಚೆನ್ನಾಗಿ ಕಠಿಣತೆಯನ್ನು ಕಾಯುವುದಿಲ್ಲ. ಅದರ ಒಂದೇ ಮನೆಯಲ್ಲಿ ಕೂರುವ ಎರಡು ಪ್ರಶ್ನೆಗಳ ನಡುವೆ ಎಷ್ಟು ಅಂತರ ಇರಬಹುದು ಎಂದು ಲೆಕ್ಕ ಹಾಕಿಯೇ ನೋಡಬೇಕು.

ಮೂಲ ಪತ್ರಿಕೆಯ ನಾಲ್ಕು ಅಂಕದ ಪ್ರಶ್ನೆ ಹೀಗಿತ್ತು ಎನ್ನೋಣ: ಆಯತಾಕಾರದ ನಿವೇಶನವೊಂದರ ಉದ್ದ ಅದರ ಅಗಲಕ್ಕಿಂತ 4 ಮೀಟರ್ ಹೆಚ್ಚು, ವಿಸ್ತೀರ್ಣ 96 ಚದರ ಮೀಟರ್, ಅಳತೆಗಳನ್ನು ಕಂಡುಹಿಡಿಯಿರಿ. ಅಗಲವನ್ನು x ಎಂದಿಟ್ಟುಕೊಂಡರೆ x(x + 4) = 96, ಅಂದರೆ x² + 4x − 96 = 0. ಮೂಲಗಳು 8 ಮತ್ತು −12. ಅಗಲ ಋಣ ಸಂಖ್ಯೆಯಾಗುವಂತಿಲ್ಲವಾದ್ದರಿಂದ −12 ಬಿಟ್ಟು, ಅಗಲ 8, ಉದ್ದ 12 ಎಂದು ಬರೆಯಬೇಕು. ಅಂಕ ಹಂಚಿಕೆಯೂ ಈ ದಾರಿಯಲ್ಲೇ ನಡೆಯುತ್ತದೆ: ಸಮೀಕರಣ ರಚಿಸಿದ್ದಕ್ಕೆ ಒಂದು, ಅಪವರ್ತಿಸಿದ್ದಕ್ಕೆ ಒಂದು, ಮೂಲಗಳಿಗೆ ಒಂದು, ಒಪ್ಪದ ಮೂಲವನ್ನು ಬಿಟ್ಟು ಉತ್ತರ ಬರೆದದ್ದಕ್ಕೆ ಒಂದು.

ಬದಲಿ ಪತ್ರಿಕೆಯಲ್ಲಿ ಇದರ ಜಾಗಕ್ಕೆ ರೈಲಿನ ಲೆಕ್ಕ ಬಂತು ಎನ್ನಿ. 360 ಕಿಲೋಮೀಟರ್ ಕ್ರಮಿಸುವ ರೈಲಿನ ವೇಗ ಗಂಟೆಗೆ 5 ಕಿ.ಮೀ. ಹೆಚ್ಚಿದ್ದರೆ ಒಂದು ಗಂಟೆ ಉಳಿಯುತ್ತಿತ್ತು, ವೇಗವೆಷ್ಟು? ಇದೂ ಅನ್ವಯದ ಪ್ರಶ್ನೆ, ಇದಕ್ಕೂ ನಾಲ್ಕೇ ಅಂಕ, ನೀಲನಕ್ಷೆ ತಕರಾರು ಮಾಡುವುದಿಲ್ಲ. ಆದರೆ ಮಗು ಮೊದಲು 360/x − 360/(x + 5) = 1 ಎಂದು ಬರೆಯಬೇಕು, ಛೇದಗಳನ್ನು ಸಮ ಮಾಡಬೇಕು, ಆಮೇಲೆ x² + 5x − 1800 = 0 ಸಿಗುತ್ತದೆ. ವೇಗ 40 ಎಂಬ ಉತ್ತರದವರೆಗಿನ ದಾರಿಯಲ್ಲಿ ಎರಡು ಹೆಜ್ಜೆ ಹೆಚ್ಚಾದವು. ಅದರಲ್ಲೂ ಭಿನ್ನರಾಶಿಯ ಹೆಜ್ಜೆಯಲ್ಲಿ ಎಡವಿದ ಮಗುವಿಗೆ ವರ್ಗಸಮೀಕರಣ ಬಿಡಿಸಲು ಬರುತ್ತದೋ ಇಲ್ಲವೋ ಎಂಬುದೇ ನಮಗೆ ತಿಳಿಯದೆ ಹೋಗುತ್ತದೆ.

ಇನ್ನೊಂದು ತುದಿಯ ಉದಾಹರಣೆ: ಅಕ್ಕ ತಂಗಿಯರ ವಯಸ್ಸಿನ ವ್ಯತ್ಯಾಸ 5, ವಯಸ್ಸುಗಳ ಗುಣಲಬ್ಧ 84. ಸಮೀಕರಣ x² + 5x − 84 = 0, ವಯಸ್ಸು 7 ಮತ್ತು 12. ಮೇಲ್ನೋಟಕ್ಕೆ ನಿವೇಶನದ ಲೆಕ್ಕಕ್ಕೆ ಇದು ತಕ್ಕ ಜೋಡಿ. ಆದರೆ ನಿವೇಶನದ ಲೆಕ್ಕದಲ್ಲಿ ಉದ್ದವನ್ನೂ ಅಗಲವನ್ನೂ ಗುಣಿಸಬೇಕೆಂಬುದು ಮಗುವಿಗೇ ಹೊಳೆಯಬೇಕಿತ್ತು. ಇಲ್ಲಿ ‘ಗುಣಲಬ್ಧ’ ಎಂಬ ಪದವೇ ಅದನ್ನು ಹೇಳಿಬಿಟ್ಟಿದೆ. ಒಂದು ಹೆಜ್ಜೆ ಕಡಿಮೆಯಾಯಿತು.

ಹಾಗಾದರೆ ಸರಿಹೊಂದುವ ಪ್ರಶ್ನೆ ಯಾವುದು? ತೋಟದಲ್ಲಿ 84 ಸಸಿಗಳನ್ನು ಸಾಲಾಗಿ ನೆಟ್ಟಿದ್ದಾರೆ, ಪ್ರತಿ ಸಾಲಿನಲ್ಲೂ ಇರುವ ಸಸಿಗಳು ಸಾಲುಗಳ ಸಂಖ್ಯೆಗಿಂತ 5 ಹೆಚ್ಚು, ಸಾಲುಗಳೆಷ್ಟು, ಒಂದು ಸಾಲಿನಲ್ಲಿ ಸಸಿಗಳೆಷ್ಟು? ಸಾಲನ್ನೂ ಸಸಿಯನ್ನೂ ಗುಣಿಸಬೇಕೆಂಬುದು ಇಲ್ಲಿ ಮಗುವಿಗೇ ಹೊಳೆಯಬೇಕು. ಸಮೀಕರಣದ ರೂಪ ಅದೇ, ಬಿಡಬೇಕಾದ ಋಣ ಮೂಲ ಇದೆ, ಕೊನೆಯಲ್ಲಿ ಎರಡು ಅಳತೆ ಬರೆಯಬೇಕು. ಹಳೆಯ ಅಂಕ ಹಂಚಿಕೆಯನ್ನು ಒಂದು ಸಾಲೂ ತಿದ್ದದೆ ಇದಕ್ಕೆ ಬಳಸಬಹುದು. ನನ್ನ ಮಟ್ಟಿಗೆ ಸಮತೂಕದ ನಿಜವಾದ ಗುರುತು ಇದೇ. ಬದಲಿ ಪ್ರಶ್ನೆಗೆ ಹೊಸ ಅಂಕ ಹಂಚಿಕೆ ಬರೆಯಬೇಕಾಯಿತು ಎಂದರೆ, ಪ್ರಶ್ನೆ ಬೇರೆಯಾಗಿದೆ ಎಂದೇ ಅರ್ಥ.

ನಿವೇಶನವನ್ನೇ ಉಳಿಸಿಕೊಂಡು ಅಂಕಿ ಮಾತ್ರ ಬದಲಿಸಿದರೆ ಸಾಲದೇ ಎಂದು ಕೇಳಬಹುದು. ಸಾಲದು. ‘ಸೈಟಿನ ಲೆಕ್ಕ ಬಂದಿತ್ತು ಕಣೋ’ ಎಂಬ ಗೆಳೆಯನ ಒಂದು ಮಾತಿನಿಂದ, ಗೈರಾದ ಹುಡುಗ ಸಮೀಕರಣ ರಚಿಸುವ ಹೆಜ್ಜೆಯನ್ನು ಮನೆಯಲ್ಲೇ ಮುಗಿಸಿಕೊಂಡು ಬಂದಿರುತ್ತಾನೆ. ಸನ್ನಿವೇಶ ಬದಲಾಗಬೇಕು, ಹೆಜ್ಜೆಗಳು ಬದಲಾಗಬಾರದು.

ಅಂಕಿಗಳ ಆಯ್ಕೆಯೂ ಸಣ್ಣ ವಿಷಯವಲ್ಲ. x² − 3x − 10 = 0 ಬಿಡಿಸಲು 10ರ ಅಪವರ್ತನ ಜೋಡಿಗಳನ್ನು ಹುಡುಕಬೇಕು. ಇರುವುದು ಎರಡೇ: 1 ಮತ್ತು 10, 2 ಮತ್ತು 5. ಇದರ ಬದಲಿಗೆ x² − 3x − 108 = 0 ಕೊಟ್ಟರೆ ವಿಧಾನ ಅದೇ ಆದರೂ 108ಕ್ಕೆ ಆರು ಜೋಡಿಗಳಿವೆ. 9 ಮತ್ತು 12 ಹೊಳೆಯುವಷ್ಟರಲ್ಲಿ ಎರಡು ನಿಮಿಷ ಹೋಗಿರುತ್ತದೆ. x² − 4x − 21 = 0 ಸರಿಯಾದ ಜೋಡಿ: 21ಕ್ಕೂ ಎರಡೇ ಜೋಡಿ, ಮೂಲಗಳಲ್ಲಿ ಒಂದು ಧನ, ಒಂದು ಋಣ, 7 ಮತ್ತು −3. ಚಿಹ್ನೆಯಲ್ಲಿ ತಪ್ಪುವ ಅಪಾಯವೂ ಎರಡರಲ್ಲಿ ಒಂದೇ. ಬಹು ಆಯ್ಕೆಯ ಪ್ರಶ್ನೆಗಳಲ್ಲಿ ಇದೇ ಎಚ್ಚರ ತಪ್ಪು ಉತ್ತರಗಳ ಬಗ್ಗೆ ಬೇಕು. x² − 5x + 6 = 0 ಎಂಬುದಕ್ಕೆ 2, 3ರ ಪಕ್ಕದಲ್ಲಿ −2, −3 ಇಟ್ಟಿದ್ದರೆ, ಬದಲಿಯಲ್ಲೂ ಅಂಥ ಆಕರ್ಷಕ ತಪ್ಪು ಇರಬೇಕು. 10, 20ರಂಥ ದೂರದ ಅಂಕಿ ಇಟ್ಟರೆ ಪ್ರಶ್ನೆ ತಾನಾಗಿ ಹಗುರವಾಗುತ್ತದೆ.

ಎರಡೂ ಪತ್ರಿಕೆ ಸಮವಾದವೇ ಎಂದು ಆಮೇಲೆ ಅಳೆಯಬಹುದೇ? ಪ್ರಶ್ನೆಯ ಕಠಿಣತೆಗೆ ಒಂದು ಸರಳ ಅಳತೆ ಇದೆ: 40 ಮಕ್ಕಳಲ್ಲಿ 30 ಮಂದಿ ಸರಿ ಬರೆದಿದ್ದರೆ ಶೇ 75. ಮೂಲ ಪತ್ರಿಕೆಗೆ ಈ ಲೆಕ್ಕ ಸುಲಭವಾಗಿ ಸಿಗುತ್ತದೆ. ಬದಲಿ ಪತ್ರಿಕೆ ಬರೆದವರು ಮೂವರೇ ಆದ್ದರಿಂದ ಒಬ್ಬ ಎಡವಿದರೆ ಅಂಕಿ ಮೂರನೇ ಒಂದು ಭಾಗ ಕುಸಿಯುತ್ತದೆ, ಅದನ್ನು ನಂಬುವಂತಿಲ್ಲ. ಹಲವು ಪಾಳಿಗಳಲ್ಲಿ ಬೇರೆ ಬೇರೆ ಪತ್ರಿಕೆ ಕೊಡುವ ಜೆಇಇ ಮೇನ್‌ನಲ್ಲಿ ಪ್ರತಿ ಪಾಳಿಯೊಳಗೇ ಪರ್ಸೆಂಟೈಲ್ ಲೆಕ್ಕ ಹಾಕಿ ವ್ಯತ್ಯಾಸ ಸರಿಪಡಿಸುತ್ತಾರೆ. ಅಲ್ಲಿ ಬರೆಯುವವರು ಲಕ್ಷಗಟ್ಟಲೆ ಇರುವುದರಿಂದ ಅದು ಸಾಧ್ಯ. ತರಗತಿಯ ಮೇಷ್ಟ್ರಿಗೆ ಆ ದಾರಿ ಇಲ್ಲ.

ಅವರಿಗಿರುವ ದಾರಿ ಪರೀಕ್ಷೆಗೆ ಮುಂಚಿನದು. ಎರಡು ಪತ್ರಿಕೆಗಳನ್ನೂ ಒಟ್ಟಿಗೇ, ಪ್ರಶ್ನೆಗೆ ಪ್ರಶ್ನೆ ಜೋಡಿಸಿ ಬರೆದಿಟ್ಟು, ಯಾವುದನ್ನು ತರಗತಿಗೆ ಕೊಡುವುದೆಂದು ಕೊನೆಗೆ ಚೀಟಿ ಎತ್ತಿ ಆರಿಸಬೇಕು. ಆಗ ಬದಲಿಯದು ಎಂಬ ಅಸಡ್ಡೆ ಯಾವ ಪತ್ರಿಕೆಗೂ ತಗಲುವುದಿಲ್ಲ. ಅದಕ್ಕೂ ಮೊದಲು, ಯಾವುದು ಯಾವುದೆಂದು ಹೇಳದೆ ಇನ್ನೊಬ್ಬ ಗಣಿತ ಶಿಕ್ಷಕರ ಕೈಗೆ ಎರಡನ್ನೂ ಕೊಟ್ಟು, ಪೂರ್ತಿ ಹೆಜ್ಜೆಗಳೊಂದಿಗೆ ಬಿಡಿಸಲು ಹೇಳಬೇಕು. ಒಂದಕ್ಕೆ 12 ನಿಮಿಷ, ಇನ್ನೊಂದಕ್ಕೆ 18 ನಿಮಿಷ ಹಿಡಿದರೆ ಹೆಚ್ಚಾದ ಆ ಆರು ನಿಮಿಷ ಯಾವ ಪ್ರಶ್ನೆಯಲ್ಲಿ ಹೋಯಿತೆಂದು ಅವರ ಉತ್ತರದ ಹಾಳೆಯೇ ತೋರಿಸುತ್ತದೆ. ತಿದ್ದಬೇಕಾದದ್ದು ಆ ಪ್ರಶ್ನೆಯನ್ನು, ಮಕ್ಕಳು ಬರೆದ ಮೇಲೆ ಅವರ ಅಂಕವನ್ನಲ್ಲ.