‘ವಸ್ತು’ ಅಂದರೆ ನಗು ಬರದು

“ನಮ್ಮ ಮಾವ ಎಂಥಾ ಜಿಪುಣ ಅಂದ್ರೆ, ಹಳೇ ವಸ್ತು ಯಾವುದನ್ನೂ ಎಸೆಯೋದಿಲ್ಲ.” ಕೇಳಿದವರು ತಲೆಯಾಡಿಸುತ್ತಾರೆ, ನಗುವುದಿಲ್ಲ. ‘ವಸ್ತು’ ಅಂದಾಗ ಕಣ್ಣಮುಂದೆ ಏನೂ ಬರುವುದಿಲ್ಲ.

ಯಾವ ವಸ್ತು ಎಂದು ಕೇಳಿಕೊಂಡು ತಿದ್ದೋಣ: “ನಮ್ಮ ಮಾವ ಹಳೇ ಲಗ್ನಪತ್ರಿಕೆಗಳ ಹಿಂದೆ ಹಾಲಿನ ಲೆಕ್ಕ ಬರೀತಾರೆ.” ಚಿತ್ರ ಮೂಡಿತು, ಮುಗುಳ್ನಗೆಯೂ ಬಂತು. ಇನ್ನೊಂದು ಪ್ರಶ್ನೆ: ಯಾರ ಲಗ್ನಪತ್ರಿಕೆ?

“ಅಳಿಯನ ಮದುವೇಲಿ ಉಳಿದ ಲಗ್ನಪತ್ರಿಕೆಗಳ ಹಿಂದೆ ನಮ್ಮ ಮಾವ ಹಾಲಿನ ಲೆಕ್ಕ ಬರೀತಾರೆ. ಆ ಕಟ್ಟು ಇನ್ನೂ ಖಾಲಿಯಾಗಿಲ್ಲ, ಅಳಿಯನಿಗೆ ಡೈವೋರ್ಸೇ ಆಗೋಯ್ತು.”

‘ಜಿಪುಣ’ ಎಂಬ ಪದವೇ ಈಗ ಬೇಕಿಲ್ಲ. ಕೇಳುಗರೇ ಆ ತೀರ್ಮಾನಕ್ಕೆ ಬರುತ್ತಾರೆ. ‘ಡೈವೋರ್ಸ್’ ಕೊನೆಯಲ್ಲಿರುವುದೂ ಮುಖ್ಯ. ಅದನ್ನು ಮೊದಲೇ ಹೇಳಿದರೆ ಅಚ್ಚರಿಗೆ ಜಾಗವಿರದು.

ಹಾಗೆಂದು ಪತ್ರಿಕೆಯ ಬಣ್ಣ, ಛತ್ರದ ಹೆಸರು, ಹಾಲಿನ ದರ ಎಲ್ಲ ತುಂಬಿದರೆ ಕೇಳುಗರು ನಗು ಬಿಟ್ಟು ವಿವರ ನೆನಪಿಡಲು ಹೊರಡುತ್ತಾರೆ. ಪರೀಕ್ಷೆ ಸುಲಭ: ಒಂದು ವಿವರವನ್ನು ತೆಗೆದು ಜೋಕನ್ನು ಮತ್ತೆ ಹೇಳಿ. ನಗು ಅಷ್ಟೇ ಉಳಿದರೆ ಆ ವಿವರ ಬೇಡ. ‘ಹಾಲಿನ ಲೆಕ್ಕ’ ತೆಗೆದು ‘ಏನೋ ಬರೀತಾರೆ’ ಅಂದು ನೋಡಿ, ಜೋಕು ಅಲ್ಲೇ ಸಪ್ಪೆಯಾಗುತ್ತದೆ.