ಅಂಟಿಕೊಂಡ ಹಣ್ಣುಗಳ ನಡುವೆ ನೀರು ಎಳೆದ ಗಡಿ

ಒಂದಕ್ಕೊಂದು ತಾಗಿ ಕೂತ ಎರಡು ಕಿತ್ತಳೆಗಳ ಫೋಟೊ ತೆಗೆದು, ಹಣ್ಣಿದ್ದ ಕಡೆ ಬಿಳಿ, ಉಳಿದ ಕಡೆ ಕಪ್ಪು ಮಾಡಿದರೆ ಕಂಪ್ಯೂಟರಿಗೆ ಸಿಗುವುದು ನಡು ಸಣ್ಣಗಾದ ಒಂದೇ ಬಿಳಿ ತುಂಡು. ಎರಡರ ಬಣ್ಣವೂ ಒಂದೇ ಆದ್ದರಿಂದ ಗಡಿ ಎಲ್ಲಿದೆ ಎಂದು ಬಣ್ಣ ಹೇಳುವುದಿಲ್ಲ. ಇದನ್ನು ಬಿಡಿಸುವ ದಾರಿ ಹುಟ್ಟಿದ್ದು ತೋಟದಲ್ಲಲ್ಲ, ಗಣಿ ಎಂಜಿನಿಯರುಗಳ ನಡುವೆ.

ಪ್ಯಾರಿಸ್ಸಿನ ಗಣಿ ಶಾಲೆ 1968ರಲ್ಲಿ ಫಾಂಟೆನ್‌ಬ್ಲೋದಲ್ಲಿ ಒಂದು ಸಂಶೋಧನಾ ಕೇಂದ್ರ ತೆರೆಯಿತು. ಜಾರ್ಜ್ ಮಾಥೆರಾನ್ ಮತ್ತು ಜಾನ್ ಸೆರಾ ಅಲ್ಲಿ ಅದಿರು, ಲೋಹಗಳ ಚಿತ್ರಗಳಿಂದ ಕಣಗಳ ಆಕಾರ ಅಳೆಯುವ ಗಣಿತ ಕಟ್ಟುತ್ತಿದ್ದರು. ಅದೇ ಬಳಗದ ಸೆರ್ಜ್ ಬ್ಯೂಶೆ ಮತ್ತು ಕ್ರಿಸ್ಟಿಯಾನ್ ಲಾಂತ್ಯುಎಜೂಲ್ 1979ರಲ್ಲಿ ರೆನ್ ನಗರದ ಕಾರ್ಯಾಗಾರದಲ್ಲಿ ಒಂದು ಪ್ರಬಂಧ ಮಂಡಿಸಿದರು. ಅವರ ಕೈಯಲ್ಲಿದ್ದದ್ದು ಎಕ್ಸ್-ರೇ ಚಿತ್ರದಲ್ಲಿನ ಗುಳ್ಳೆಗಳು ಮತ್ತು ಉಕ್ಕು ಸೀಳಿದಾಗ ತೋರುವ ಮುಖಗಳು. ಚಿತ್ರವನ್ನು ಅವರು ಬೆಟ್ಟ ಕಣಿವೆಗಳ ನೆಲವೆಂದು ಓದಿದರು. ಪ್ರತಿ ಪಿಕ್ಸೆಲ್ಲಿನ ಬೆಲೆಯೇ ಅದರ ಎತ್ತರ. ಪ್ರತಿ ತಗ್ಗಿನ ತಳದಿಂದ ನೀರು ಉಕ್ಕಿ ಒಂದೇ ಮಟ್ಟದಲ್ಲಿ ಏರಲಿ. ಎರಡು ತಗ್ಗಿನ ನೀರು ಬೆರೆಯುವ ಜಾಗದಲ್ಲಿ ಒಡ್ಡು ಕಟ್ಟಿ. ನೆಲವೆಲ್ಲ ಮುಳುಗಿದಾಗ ಉಳಿಯುವ ಒಡ್ಡುಗಳೇ ಗಡಿ. ಬೆಟ್ಟ ಕಣಿವೆಗಳ ಇಂಥ ಲೆಕ್ಕವನ್ನು ಮ್ಯಾಕ್ಸ್‌ವೆಲ್ 1870ರಷ್ಟು ಹಿಂದೆಯೇ ಬರೆದಿದ್ದ. ಅದನ್ನು ಫೋಟೊದ ಒಳಗೆ ತಂದದ್ದೇ ದೊಡ್ಡ ಹೆಜ್ಜೆ.

ನಮ್ಮ ಬಿಳಿ ತುಂಡಿನಲ್ಲಿ ತಗ್ಗು ಎಲ್ಲಿಂದ ಬರಬೇಕು? ಅದಕ್ಕೆ ಬೇಕಾದ ಸಲಕರಣೆ ಅಮೆರಿಕದ ಅಜ್ರಿಯೆಲ್ ರೋಸೆನ್‌ಫೆಲ್ಡ್ ಮತ್ತು ಜಾನ್ ಫಾಲ್ಟ್ಸ್ 1966ರಲ್ಲೇ ಕೊಟ್ಟಿದ್ದರು: ಪ್ರತಿ ಬಿಳಿ ಪಿಕ್ಸೆಲ್ಲಿಗೂ ಅತಿ ಹತ್ತಿರದ ಕಪ್ಪು ಎಷ್ಟು ದೂರವಿದೆ ಎಂದು ಬರೆಯುವುದು. ಎರಡು ಕಿತ್ತಳೆಗಳಿಗೂ 30 ಪಿಕ್ಸೆಲ್ ತ್ರಿಜ್ಯ, ಕೇಂದ್ರಗಳ ನಡುವೆ 50 ಪಿಕ್ಸೆಲ್ ಅಂತರ ಇರಲಿ. ಆಗ ಪ್ರತಿ ಕೇಂದ್ರದಲ್ಲೂ ದೂರ 30. ಸಣ್ಣಗಾದ ನಡುವಿನಲ್ಲಿ ಅದು 900ರಿಂದ 625 ಕಳೆದ 275ರ ವರ್ಗಮೂಲ, ಅಂದರೆ ಸುಮಾರು 16.6. ಇದನ್ನು ತಲೆಕೆಳಗು ಮಾಡಿದರೆ 30ರ ಆಳದ ಎರಡು ಬಾವಿಗಳು, ನಡುವೆ 13ಕ್ಕೂ ಹೆಚ್ಚು ಎತ್ತರದ ದಿಬ್ಬ. ನೀರು ಏರಿದಾಗ ಒಡ್ಡು ಸರಿಯಾಗಿ ಆ ಸಣ್ಣ ನಡುವಿನಲ್ಲೇ ಬೀಳುತ್ತದೆ.

ಆದರೆ ನಿಜವಾದ ಸಿಪ್ಪೆಯ ಅಂಚು ಒರಟು. ಒಂದೆರಡು ಪಿಕ್ಸೆಲ್ಲಿನ ಉಬ್ಬುತಗ್ಗು ಕೂಡ ಒಳಗೆ ಪುಟ್ಟ ಹಳ್ಳ ಹುಟ್ಟಿಸುತ್ತದೆ, ಪ್ರತಿ ಹಳ್ಳಕ್ಕೂ ಒಂದು ಒಡ್ಡು ಏಳುತ್ತದೆ, ಒಂದು ಹಣ್ಣು ಹತ್ತು ಚೂರಾಗುತ್ತದೆ. ಬ್ಯೂಶೆ ಮತ್ತು ಫೆರ್ನಾಂಡ್ ಮೆಯೆರ್ ಇದಕ್ಕೆ ಕೊಟ್ಟ ಪರಿಹಾರ ಸರಳ: ನೀರು ಎಲ್ಲ ತಗ್ಗುಗಳಿಂದಲೂ ಬೇಡ, ನಾವು ಗುರುತು ಹಾಕಿದ ಜಾಗಗಳಿಂದ ಮಾತ್ರ ಏಳಲಿ. 3 ಪಿಕ್ಸೆಲ್ಲಿಗಿಂತ ಆಳವಾದ ತಗ್ಗಿಗಷ್ಟೇ ಗುರುತು ಎಂದರೆ ಪುಡಿ ಹಳ್ಳಗಳು ತಾವಾಗಿ ಮುಚ್ಚುತ್ತವೆ. ಇದರ ಮಿತಿಯೂ ಇಲ್ಲೇ ಇದೆ. ಕೇಂದ್ರಗಳ ಅಂತರ 20ಕ್ಕೆ ಇಳಿದರೆ ನಡುವಿನ ಬೆಲೆ 28.3, ದಿಬ್ಬ 1.7 ಮಾತ್ರ. ಅದೂ ಮುಚ್ಚಿಹೋಗಿ ಎರಡು ಹಣ್ಣು ಒಂದೇ ಎಂದು ಎಣಿಕೆಯಾಗುತ್ತದೆ. ಕತ್ತರಿಸಿದ ತುಂಡಿನ ವಿಸ್ತೀರ್ಣ ಉಳಿದವಕ್ಕಿಂತ ಎದ್ದು ಕಾಣುವಷ್ಟು ದೊಡ್ಡದಾಗಿದ್ದರೆ, ಅಂಚಿನಲ್ಲಿ ಒಳಗೆ ಚುಚ್ಚಿದ ಮೂಲೆಗಳಿದ್ದರೆ, ಆಗಿದ್ದು ಇದೇ ಎಂದು ತಿಳಿಯಬಹುದು.

ನಿಜವಾದ ರಾಶಿಯಲ್ಲಿ ಹಣ್ಣಿನ ಹಿಂದೆಯೂ ಹಣ್ಣೇ ಇರುವುದರಿಂದ ಕಪ್ಪು ಬಿಳುಪು ಸಾಲದು. ಅಲ್ಲಿ ಬೆಳಕು ಎಷ್ಟು ಥಟ್ಟನೆ ಬದಲಾಗುತ್ತದೆ ಎಂಬುದನ್ನೇ ಎತ್ತರವಾಗಿ ಇಡಬೇಕು, 1979ರ ಪ್ರಬಂಧದಲ್ಲಿ ಮಾಡಿದಂತೆ.

ರಾಶಿಯಿಂದ ಯಾವ ಹಣ್ಣನ್ನು ಮೊದಲು ಎತ್ತಬೇಕು ಎಂಬುದನ್ನೂ ಈ ಗಡಿಗಳಿಂದಲೇ ಓದಬಹುದು, ನನಗೆ ಇಡೀ ವಿಷಯದಲ್ಲಿ ಅತಿ ಇಷ್ಟವಾದ ಭಾಗ ಇದು. ಎರಡು ತುಂಡುಗಳ ನಡುವಿನ ಗಡಿ ಮೇಲಿನ ಹಣ್ಣಿನ ಅಂಚೇ. ಆದ್ದರಿಂದ ಗಡಿ ಮುಗಿಯುವ ಮೂಲೆಯಲ್ಲಿ ಮೇಲಿನ ಹಣ್ಣಿನ ಅಂಚು ನುಣುಪಾಗಿ ಮುಂದುವರಿಯುತ್ತದೆ, ಕೆಳಗಿನದರ ಅಂಚು ಅದಕ್ಕೆ ಡಿಕ್ಕಿ ಹೊಡೆದು ನಿಲ್ಲುತ್ತದೆ. ಪ್ರತಿ ಜೋಡಿಗೂ ಮೇಲಿನದರಿಂದ ಕೆಳಗಿನದಕ್ಕೆ ಒಂದು ಬಾಣ ಎಳೆಯಿರಿ. ಯಾವ ಹಣ್ಣಿಗೆ ಬಾಣ ಬಂದು ನಾಟಿಲ್ಲವೋ ಅದರ ಮೇಲೆ ಏನೂ ಇಲ್ಲ, ಮೊದಲ ಸರದಿ ಅದರದು. ಅದನ್ನೂ ಅದರ ಬಾಣಗಳನ್ನೂ ತೆಗೆದರೆ ಮುಂದಿನ ಹಣ್ಣು ಹೊರಬರುತ್ತದೆ.

ಬಾಣಗಳು ಸುತ್ತಿ ಬಂದು ಗಂಟಾದರೆ? ನೇರ ಮೇಲಿನಿಂದ ನೋಡಿದರೆ ಗುಂಡನೆಯ ಹಣ್ಣುಗಳಲ್ಲಿ ಹಾಗಾಗುವುದಿಲ್ಲ. ಗೋಳದ ಮೂಲಕ ಹಾಯುವ ಯಾವ ಲಂಬರೇಖೆಯನ್ನು ತೆಗೆದುಕೊಂಡರೂ ಗೋಳದೊಳಗಿನ ಭಾಗದ ಮಧ್ಯಬಿಂದು ಕೇಂದ್ರದ ಎತ್ತರದಲ್ಲೇ ಇರುತ್ತದೆ. ಹಾಗಾಗಿ ಮುಚ್ಚುವ ಹಣ್ಣಿನ ಕೇಂದ್ರ ಮುಚ್ಚಿದ ಹಣ್ಣಿನದಕ್ಕಿಂತ ಯಾವಾಗಲೂ ಮೇಲೆ, ಎತ್ತರಗಳ ಸಾಲು ತಿರುಗಿ ತನ್ನ ಮೇಲೆ ಬರಲಾರದು. ಬಾಳೆಹಣ್ಣು, ಸೌತೆಕಾಯಿಗಳಲ್ಲಿ ಮಾತ್ರ ಮೂರು ಸೇರಿ ಒಂದರ ಮೇಲೊಂದು ಹೆಣೆದುಕೊಳ್ಳಬಹುದು. ಅಲ್ಲಿ ಅತಿ ಕಡಿಮೆ ಭಾಗ ಮುಚ್ಚಿದ ಹಣ್ಣನ್ನು ಪಕ್ಕಕ್ಕೆ ಎಳೆಯಬೇಕು. ಒಂದನ್ನು ಎತ್ತಿದೊಡನೆ ಉಳಿದವು ಉರುಳುವುದರಿಂದ ಸರದಿಯ ಮೊದಲ ಹೆಸರಷ್ಟೇ ನಂಬಿಕೆಗೆ ಅರ್ಹ. ಎರಡನೆಯದಕ್ಕೆ ಹೊಸ ಫೋಟೊ ತೆಗೆದು, ನೀರನ್ನು ಮತ್ತೆ ಏರಿಸಬೇಕು.