ಪ್ರಸ್ತಾರ ಬಲ್ಲವಳು ಸಂಖ್ಯಾಶಾಸ್ತ್ರದ ಬಾಗಿಲಲ್ಲಿ

ಧಾರವಾಡದ ನಮ್ಮ ಓಣಿಯ ಒಬ್ಬ ಹೆಣ್ಣುಮಗಳು ಕನ್ನಡ ಮತ್ತು ಇತಿಹಾಸಗಳನ್ನು ಓದಿ ಬಿ.ಎ. ಪದವಿಯನ್ನು ಪಡೆದಳು. ಪಿ.ಯು.ಸಿ.ಯಲ್ಲಿ ಕಲಾವಿಭಾಗ, ಗಣಿತದ ನಂಟು ಹತ್ತನೆಯ ತರಗತಿಗೇ ಮುಗಿದಿತ್ತು. ಮುಂದೆ ಬಿ.ಎಡ್. ಮಾಡುವಳೆಂದು ಮನೆಯವರು ಭಾವಿಸಿದ್ದಾಗ, ಆಕೆ ದತ್ತಾಂಶ ವಿಶ್ಲೇಷಣೆಯ ಎರಡು ವರ್ಷದ ಸ್ನಾತಕೋತ್ತರ ಶಿಕ್ಷಣಕ್ಕೆ ಅರ್ಜಿ ಹಾಕುವುದಾಗಿ ಹೇಳಿದಳು. ಅರ್ಜಿಯೊಡನೆ, ಕಲಾ ಪದವೀಧರೆಯು ಈ ವಿಷಯಕ್ಕೆ ಏಕೆ ಬರುತ್ತಿದ್ದಾಳೆ ಎಂಬುದನ್ನು ವಿವರಿಸುವ ಉದ್ದೇಶಪತ್ರವನ್ನು ಕೊಡಬೇಕಾಗಿತ್ತು. ಆ ಪತ್ರದ ಕರಡನ್ನು ಹಿಡಿದುಕೊಂಡು ತಾಯಿಯೊಡನೆ ಒಂದು ಸಂಜೆ ನಮ್ಮಲ್ಲಿಗೆ ಬಂದಳು.

“ಕಾಕಾ, ಆರ್ಟ್ಸ್ ಓದಿದಾಕಿಗೆ ಲೆಕ್ಕದ ಕ್ಲಾಸಿನ್ಯಾಗ ಯಾರು ಜಾಗಾ ಕೊಡ್ತಾರ್ರಿ? ನೀವರ ಒಂದ್ಮಾತು ಹೇಳ್ರಿ” ಎಂದರು ತಾಯಿ.

ಕರಡಿನಲ್ಲಿ ಮೂರು ವಾಕ್ಯಗಳಿದ್ದವು: ತನಗೆ ವಿಶ್ಲೇಷಣಾ ಶಕ್ತಿ ಇದೆ, ಶ್ರಮಪಡುವ ಗುಣವಿದೆ, ಚಿಕ್ಕಂದಿನಿಂದ ಲೆಕ್ಕದಲ್ಲಿ ಆಸಕ್ತಿ ಇದೆ. ಈ ಮೂರೂ ಸತ್ಯವೇ ಆಗಿದ್ದಿರಬಹುದು. ಆದರೆ ಓದುವವರಿಗೆ ಅದನ್ನು ಪರೀಕ್ಷಿಸಿ ನೋಡಲು ಅದರಲ್ಲಿ ಏನೂ ಇರಲಿಲ್ಲ. ಇಂಥ ಪತ್ರವು ಎರಡು ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಹಿಂದಿನ ಓದಿನಿಂದ ಹೊತ್ತು ತಂದದ್ದು ಏನು? ಹೊತ್ತು ತರಲಾಗದೆ ಹೊಸದಾಗಿ ಕಲಿತದ್ದು ಏನು? ಮೊದಲನೆಯದನ್ನು ಮಾತ್ರ ಬರೆದರೆ ಅದು ಜಂಬವಾಗಿ ಕಾಣುತ್ತದೆ. ಎರಡನೆಯದನ್ನು ಮಾತ್ರ ಬರೆದರೆ ಮೂರು ವರ್ಷದ ಪದವಿ ವ್ಯರ್ಥವಾಯಿತೆಂದು ತಾನೇ ಒಪ್ಪಿಕೊಂಡಂತಾಗುತ್ತದೆ.

ಹೊತ್ತು ತಂದದ್ದನ್ನು ಹುಡುಕಲು ದೂರ ಹೋಗಬೇಕಾಗಲಿಲ್ಲ. ಆಕೆ ಛಂದಸ್ಸನ್ನು ಶ್ರದ್ಧೆಯಿಂದ ಓದಿದ್ದಳು. ಮೂರು ಅಕ್ಷರಗಳ ಗಣಗಳು ಎಂಟು ಎಂಬುದು ಪ್ರೌಢಶಾಲೆಯ ಮಕ್ಕಳಿಗೂ ಗೊತ್ತು: ಮ, ಯ, ರ, ಸ, ತ, ಜ, ಭ, ನ. ಎಂಟೇ ಏಕೆ? ಪ್ರತಿಯೊಂದು ಸ್ಥಾನದಲ್ಲಿ ಗುರು ಅಥವಾ ಲಘು ಎಂಬ ಎರಡು ಆಯ್ಕೆಗಳಿವೆ; ಸ್ಥಾನಗಳು ಮೂರು; ಎರಡನ್ನು ಮೂರು ಸಲ ಗುಣಿಸಿದರೆ ಎಂಟು. ಈ ರೂಪಗಳನ್ನು ಒಂದೂ ಬಿಡದಂತೆ, ಒಂದೂ ಮರುಕಳಿಸದಂತೆ ಸಾಲಾಗಿ ಬರೆಯುವ ವಿಧಾನವೇ ಪ್ರಸ್ತಾರ. ಇವುಗಳಲ್ಲಿ ಲಘುವೇ ಇಲ್ಲದ್ದು ಮಗಣವೊಂದೇ. ಒಂದು ಲಘುವುಳ್ಳವು ಯ, ರ, ತ ಎಂಬ ಮೂರು. ಎರಡು ಲಘುಗಳುಳ್ಳವು ಸ, ಜ, ಭ ಎಂಬ ಮೂರು. ಮೂರೂ ಲಘುವಾದದ್ದು ನಗಣವೊಂದೇ. ಒಂದು, ಮೂರು, ಮೂರು, ಒಂದು ಎಂಬ ಈ ಸಾಲು ಪಿಂಗಳನ ಪರಂಪರೆಯವರು ಹೇಳುವ ಮೇರುಪ್ರಸ್ತಾರದ ಒಂದು ಸಾಲು. ಗಣಿತದ ಪಠ್ಯಪುಸ್ತಕಗಳಲ್ಲಿ ಇದೇ ಪಾಸ್ಕಲನ ತ್ರಿಕೋನವೆಂದು ಬರುತ್ತದೆ.

ಈಗ ಗುರು–ಲಘುಗಳನ್ನು ಬಿಟ್ಟು ನಾಣ್ಯವೊಂದನ್ನು ಮೂರು ಸಲ ಚಿಮ್ಮಿರಿ. ಎರಡು ಸಲ ತಲೆ ಬೀಳುವ ಸಂಭವ ಎಷ್ಟು? ಒಟ್ಟು ಎಂಟು ರೂಪಗಳಲ್ಲಿ ಅಂಥವು ಮೂರು. ಆದ್ದರಿಂದ ಉತ್ತರ ಎಂಟರಲ್ಲಿ ಮೂರು. ಛಂದಸ್ಸು ಕಲಿತವಳಿಗೆ ಇದನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಇದನ್ನೇ ಪತ್ರದಲ್ಲಿ ಬರೆಯಲು ಹೇಳಿದಾಗ ಆಕೆಯ ಮುಖ ಅರಳಿತು.

ಆದರೆ ಒಂದು ಪ್ರಶ್ನೆ ಉಳಿದಿತ್ತು. ನಾಣ್ಯವು ಸಮವಾಗಿಲ್ಲದೆ ಹತ್ತರಲ್ಲಿ ಆರು ಸಲ ತಲೆಯೇ ಬೀಳುವಂಥದ್ದಾದರೆ? ಆಕೆ ಸುಮ್ಮನಾದಳು. ಆಗ ಎಂಟು ರೂಪಗಳೂ ಸಮಾನವಲ್ಲ. ಪ್ರತಿ ರೂಪಕ್ಕೂ ತೂಕ ಕೊಡಬೇಕು. ಎರಡು ತಲೆ, ಒಂದು ಬಾಲ ಬೀಳುವ ಒಂದು ರೂಪದ ಸಂಭವ 0.6 × 0.6 × 0.4, ಅಂದರೆ 0.144, ಅಂಥ ರೂಪಗಳು ಮೂರಾದ್ದರಿಂದ ಒಟ್ಟು 0.432. ‘ಮೂರು’ ಎಂಬ ಎಣಿಕೆ ಪ್ರಸ್ತಾರದಿಂದ ಬಂತು. ತೂಕ ಕೊಡುವ ಕ್ರಮ ಅಲ್ಲಿಂದ ಬರಲಿಲ್ಲ. ಇನ್ನೂ ಒಂದು ತೊಡಕಿದೆ. ನಾಣ್ಯದ ಒಂದು ಚಿಮ್ಮುವಿಕೆ ಮುಂದಿನದನ್ನು ಬಾಧಿಸುವುದಿಲ್ಲ. ಪದ್ಯದಲ್ಲಿ ಹಾಗಲ್ಲ, ಮುಂದೆ ಒತ್ತಕ್ಷರ ಬಂದರೆ ಹಿಂದಿನ ಲಘುವು ಗುರುವಾಗುತ್ತದೆ. ಆದ್ದರಿಂದ ನಾಣ್ಯದ ಲೆಕ್ಕವನ್ನು ಹಾಗೆಯೇ ಪದ್ಯಕ್ಕೆ ಹಚ್ಚಿದರೆ ತಪ್ಪಾಗುತ್ತದೆ. ಹಳೆಯ ವಿದ್ಯೆ ಎಲ್ಲಿಯವರೆಗೆ ಕೈಹಿಡಿದು ನಡೆಸುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬ ಗಡಿಯನ್ನು ತಾನೇ ತೋರಿಸಿಕೊಟ್ಟ ಅಭ್ಯರ್ಥಿಯನ್ನು ಆಯ್ಕೆ ಮಾಡುವವರು ನಂಬುತ್ತಾರೆ.

ಆಕೆಯ ಎರಡನೆಯ ಬಂಡವಾಳ ಪಾಠಾಂತರದ ಕೆಲಸ. ಪದವಿಯ ಕೊನೆಯ ವರ್ಷದಲ್ಲಿ ಒಂದು ಷಟ್ಪದಿ ಕಾವ್ಯದ ಸಂಧಿಯೊಂದನ್ನು ಮೂರು ಪ್ರತಿಗಳೊಡನೆ ಹೋಲಿಸಿದ್ದಳು. ಪದ್ಯಕ್ಕೊಂದು ಸಾಲು, ಪ್ರತಿಗೊಂದು ಕಲಮು ಹಾಕಿ ಪಟ್ಟಿ ಮಾಡಿದ್ದಳು. ಮೂರನೆಯ ಪ್ರತಿಯಲ್ಲಿ ಹನ್ನೆರಡು ಪದ್ಯಗಳು ಸಿಗಲಿಲ್ಲ. ಅಲ್ಲೆಲ್ಲ ‘ಇಲ್ಲ’ ಎಂದು ಬರೆದಿದ್ದಳು. ಮಾರ್ಗದರ್ಶಕರು ಓಲೆಗಳ ಅಂಕೆಗಳನ್ನು ನೋಡಲು ಹೇಳಿದರು. ಅಂಕೆಗಳು ನಡುವೆ ಹಾರಿದ್ದವು. ಲಿಪಿಕಾರನು ಪದ್ಯಗಳನ್ನು ಬಿಟ್ಟಿದ್ದರೆ ಓಲೆಯ ಅಂಕೆ ಸರಿಯಾಗಿ ಮುಂದುವರಿಯುತ್ತಿತ್ತು. ಅಂಕೆ ಹಾರಿದೆಯೆಂದರೆ ಕಳೆದದ್ದು ಓಲೆಯೇ. ಮೊದಲನೆಯದು ಆ ಪ್ರತಿಯ ಪಾಠವನ್ನು ಕುರಿತ ಸಂಗತಿ, ಎರಡನೆಯದು ಕೇವಲ ನಷ್ಟ. ಆಕೆ ‘ಇಲ್ಲ’ ಎಂಬುದನ್ನು ಹೊಡೆದುಹಾಕಿ ‘ಓಲೆ ಲುಪ್ತ’ ಎಂದು ತಿದ್ದಿದಳು.

ಸಂಖ್ಯಾಶಾಸ್ತ್ರದಲ್ಲಿಯೂ ಈ ಪ್ರಶ್ನೆ ದಿನನಿತ್ಯದ್ದು. ಮನೆಮನೆಯ ಸಮೀಕ್ಷೆಯಲ್ಲಿ ಆದಾಯದ ಕಲಮು ಖಾಲಿ ಇದ್ದರೆ ಆದಾಯ ಸೊನ್ನೆಯೆಂದು ಅರ್ಥವಲ್ಲ. ಕೇಳುವವನು ಮರೆತನೋ, ಹೇಳುವವರು ಮುಚ್ಚಿಟ್ಟರೋ ಎಂಬುದನ್ನು ಮೊದಲು ತಿಳಿಯಬೇಕು. ಉಳ್ಳವರೇ ಹೆಚ್ಚಾಗಿ ಮುಚ್ಚಿಟ್ಟಿದ್ದರೆ, ಖಾಲಿ ಕಲಮುಗಳನ್ನು ಕೈಬಿಟ್ಟು ತೆಗೆದ ಸರಾಸರಿಯು ಊರನ್ನು ಇದ್ದುದಕ್ಕಿಂತ ಬಡವಾಗಿ ತೋರಿಸುತ್ತದೆ. ‘ವಿಶ್ಲೇಷಣಾ ಶಕ್ತಿ ಇದೆ’ ಎಂಬ ವಾಕ್ಯವನ್ನು ತೆಗೆದು ಆ ಜಾಗದಲ್ಲಿ ಓಲೆಯ ಈ ಪ್ರಸಂಗವನ್ನು ಬರೆದಳು.

ಇನ್ನು ಹೊತ್ತು ತರಲಾಗದ ಭಾಗ. ಇಲ್ಲಿ ಮೊದಲು ಒಂದು ಕಟುಸತ್ಯವನ್ನು ತಿಳಿದಿರಬೇಕು: ಕೆಲವು ಬಾಗಿಲುಗಳು ಯಾವ ಪತ್ರಕ್ಕೂ ತೆರೆಯುವುದಿಲ್ಲ. ಎಂ.ಎಸ್‌ಸಿ. ಸಂಖ್ಯಾಶಾಸ್ತ್ರಕ್ಕೆ ಸಾಮಾನ್ಯವಾಗಿ ಪದವಿಯಲ್ಲಿಯೇ ಸಂಖ್ಯಾಶಾಸ್ತ್ರವನ್ನೋ ಗಣಿತವನ್ನೋ ಓದಿರಬೇಕು. ಕೆಲವು ಕಡೆ ಪಿ.ಯು.ಸಿ.ಯ ಗಣಿತವನ್ನು ಕಡ್ಡಾಯವಾಗಿ ಕೇಳುತ್ತಾರೆ. ಅಂಥ ಒಂದು ಸಂಸ್ಥೆಗೆ ಆಕೆ ಅರ್ಜಿ ಹಾಕಿ, ಶುಲ್ಕವನ್ನೂ ಕಟ್ಟಿ, ಪತ್ರವನ್ನು ಯಾರೂ ಓದುವ ಮುನ್ನವೇ ತಿರಸ್ಕೃತಳಾದಳು. ಅರ್ಹತೆಯ ಪುಟವನ್ನು ಮೊದಲೇ ಓದಿದ್ದರೆ ಆ ಹಣ ಉಳಿಯುತ್ತಿತ್ತು. ಯಾವುದೇ ಪದವಿ ಸಾಕು, ಆದರೆ ಗಣಿತದ ಸಿದ್ಧತೆಗೆ ಪುರಾವೆ ಬೇಕು ಎನ್ನುವ ಕಡೆಗಳಲ್ಲಿಯೇ ಪತ್ರಕ್ಕೆ ಬೆಲೆ.

ಆ ಪುರಾವೆಯನ್ನು ಗಳಿಸಲು ಆಕೆ ಒಂದು ವರ್ಷವನ್ನು ಮೀಸಲಿಟ್ಟಳು. “ಇನ್ನೊಂದ್ ವರ್ಷ ಮನ್ಯಾಗ ಕುಂತರ ಮಂದಿ ಏನಂದಾರು?” ಎಂದು ತಾಯಿ ಕಳವಳಗೊಂಡರು. ತಂದೆ ಮಾತ್ರ, “ಕುಂದರಲಿ ಬಿಡು, ಓದಾಕ ಕುಂತಾಳ” ಎಂದರು. ಮೊದಲು ಪಿ.ಯು.ಸಿ.ಯ ಗಣಿತದ ಪುಸ್ತಕಗಳು: ಗಣಗಳು, ಫಲನಗಳು, ಲಘುಗಣಕ, ಕ್ರಮಯೋಜನೆ ಮತ್ತು ವಿಕಲ್ಪ. ಆಮೇಲೆ ಕಲನಶಾಸ್ತ್ರ, ಮಾತೃಕೆಗಳು, ಸಂಭವನೀಯತೆ. ಕೊನೆಗೆ ಕಂಪ್ಯೂಟರಿನ ಪೈಥಾನ್ ಭಾಷೆ. ಈ ಕ್ರಮಕ್ಕೆ ಕಾರಣವಿದೆ. ಎತ್ತರ, ತೂಕಗಳಂಥ ಅಖಂಡ ಅಳತೆಗಳ ಸಂಭವವನ್ನು ಎಣಿಸಲಾಗದು. ವಕ್ರರೇಖೆಯ ಕೆಳಗಿನ ಕ್ಷೇತ್ರಫಲವಾಗಿ ಅಳೆಯಬೇಕು. ಅದಕ್ಕೆ ಕಲನ ಬೇಕು. ಅನೇಕ ಕಾರಣಗಳು ಕೂಡಿ ಒಂದು ಫಲವನ್ನು ಹೇಗೆ ಪ್ರಭಾವಿಸುತ್ತವೆ ಎಂಬ ಲೆಕ್ಕಕ್ಕೆ ಮಾತೃಕೆ ಬೇಕು.

ಕಲಿತದ್ದನ್ನು ಪ್ರಮಾಣೀಕರಿಸಲು ಸ್ವಯಂ ವೇದಿಕೆಯಲ್ಲಿನ ಎನ್‌ಪಿಟಿಇಎಲ್ ಪಾಠಗಳು ಒದಗಿದವು. ನಾಲ್ಕು, ಎಂಟು, ಹನ್ನೆರಡು ವಾರಗಳ ಪಾಠಗಳು ಅಲ್ಲಿವೆ. ವಾರದ ಅಭ್ಯಾಸಗಳಿಗೆ 25 ಅಂಕ, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. ಅಭ್ಯಾಸದಲ್ಲಿ ಕನಿಷ್ಠ 10, ಪರೀಕ್ಷೆಯಲ್ಲಿ ಕನಿಷ್ಠ 30 ಬಂದರೆ ಮಾತ್ರ ಪ್ರಮಾಣಪತ್ರ. ಪಾಠ ಕೇಳಿದ್ದೇನೆ ಎನ್ನುವುದಕ್ಕಿಂತ ಮೇಲ್ವಿಚಾರಣೆಯಲ್ಲಿ ಪರೀಕ್ಷೆ ಬರೆದಿದ್ದೇನೆ ಎನ್ನುವುದಕ್ಕೆ ತೂಕ ಹೆಚ್ಚು. ಇನ್ನೊಂದು ದಾರಿಯೂ ಇದೆ. ಮದ್ರಾಸಿನ ಐಐಟಿಯು 2020ರಲ್ಲಿ ಆರಂಭಿಸಿದ ದತ್ತಾಂಶ ವಿಜ್ಞಾನದ ಪದವಿಗೆ ಪಿ.ಯು.ಸಿ.ಯ ಯಾವ ವಿಭಾಗದವರೂ ಬರಬಹುದು. ಹತ್ತನೆಯ ತರಗತಿಯಲ್ಲಿ ಗಣಿತ ಮತ್ತು ಇಂಗ್ಲಿಷ್ ಓದಿದ್ದರೆ ಸಾಕು. ನಾಲ್ಕು ವಾರಗಳ ಪಾಠಗಳನ್ನು ಕಲಿಸಿದ ಮೇಲೆಯೇ ಅರ್ಹತಾ ಪರೀಕ್ಷೆ ನಡೆಯುತ್ತದೆ. ಅಲ್ಲಿ ಉದ್ದೇಶಪತ್ರದ ಮಾತಿಲ್ಲ; ಉತ್ತರಪತ್ರಿಕೆಯೇ ಸಾಕ್ಷಿ.

ಈ ವರ್ಷದಲ್ಲಿ ಆಕೆ ಒಮ್ಮೆ ಎಡವಿದಳು. ಕಂಪ್ಯೂಟರಿನ ಪಾಠ ಸೊಗಸಾಗಿ ಕಂಡದ್ದರಿಂದ ಕಲನವನ್ನು ಅರ್ಧಕ್ಕೆ ಬಿಟ್ಟು ಅದಕ್ಕೆ ಹಾರಿದಳು. ಯಂತ್ರವು ಉತ್ತರಗಳನ್ನು ಕೊಡತೊಡಗಿತು. ಕಲಿತೆನೆಂಬ ಭ್ರಮೆಯೂ ಹುಟ್ಟಿತು. ಇದನ್ನು ಕಂಡುಹಿಡಿಯುವ ಉಪಾಯ ಸರಳ. ಪರದೆಯನ್ನು ಮುಚ್ಚಿ 2, 4, 4, 6, 9 ಎಂಬ ಐದು ಸಂಖ್ಯೆಗಳನ್ನು ಕಾಗದದ ಮೇಲೆ ಕೊಡಬೇಕು. ಸರಾಸರಿ 5. ಸರಾಸರಿಯಿಂದ ಇರುವ ಅಂತರಗಳ ವರ್ಗಗಳನ್ನು ಕೂಡಿಸಿದರೆ 9, 1, 1, 1, 16 ಸೇರಿ 28. ಅದನ್ನು 4ರಿಂದ ಭಾಗಿಸಿದರೆ ವಿಚಲತೆ 7. ಸಂಖ್ಯೆಗಳು ಐದಿರುವಾಗ ನಾಲ್ಕರಿಂದ ಭಾಗಿಸಿದ್ದು ಏಕೆ? ಆಕೆಗೆ ಹೇಳಲಾಗಲಿಲ್ಲ. ಸರಾಸರಿಯನ್ನು ಆ ಐದರಿಂದಲೇ ತೆಗೆದಿರುವುದರಿಂದ ಅಂತರಗಳೆಲ್ಲ ಕೂಡಿದರೆ ಸೊನ್ನೆಯಾಗಲೇಬೇಕು, ನಾಲ್ಕು ತಿಳಿದರೆ ಐದನೆಯದು ತಾನಾಗಿ ನಿಶ್ಚಿತವಾಗುತ್ತದೆ, ಸ್ವತಂತ್ರವಾದವು ನಾಲ್ಕೇ. ಇದನ್ನು ತನ್ನ ಮಾತಿನಲ್ಲಿ ಹೇಳಬಲ್ಲವಳಾಗಲು ಆಕೆಗೆ ಮತ್ತೆ ಎರಡು ವಾರ ಹಿಡಿಯಿತು. ಕಲನಕ್ಕೂ ಮರಳಿದಳು.

ಕೊನೆಗೆ ಸಿದ್ಧವಾದ ಪತ್ರ ಒಂದೂವರೆ ಪುಟ. ಪ್ರಸ್ತಾರ ಒಂದು ಕಂಡಿಕೆ, ಲುಪ್ತವಾದ ಓಲೆ ಒಂದು ಕಂಡಿಕೆ, ಕಲಿತ ಪಾಠಗಳು ಮತ್ತು ಅಂಕಗಳು ಒಂದು ಕಂಡಿಕೆ. ಕಲನದ ಅಂಕ ಕಡಿಮೆಯಿತ್ತು. ಅದನ್ನೂ ಮುಚ್ಚಿಡದೆ ಬರೆದು, ಆ ಪಾಠವನ್ನು ಎರಡನೆಯ ಸಲ ಓದುತ್ತಿರುವುದಾಗಿ ತಿಳಿಸಿದಳು. ‘ಚಿಕ್ಕಂದಿನಿಂದ ಆಸಕ್ತಿ’ ಎಂಬ ವಾಕ್ಯವನ್ನು ತೆಗೆದುಹಾಕಿದಳು.

ಸಂದರ್ಶನದಲ್ಲಿ ಪದವಿಯ ಅಂಕಗಳನ್ನು ಯಾರೂ ಕೇಳಲಿಲ್ಲವಂತೆ. ಓಲೆ ಕಳೆದಿದೆಯೆಂದು ಹೇಗೆ ಗೊತ್ತಾಯಿತು, ಓಲೆಗಳ ಮೇಲೆ ಅಂಕೆಗಳೇ ಇಲ್ಲದಿದ್ದರೆ ಏನು ಮಾಡುತ್ತಿದ್ದೆ ಎಂದು ಹತ್ತು ನಿಮಿಷ ಕೇಳಿದರಂತೆ. ಕಳೆದ ಪದ್ಯಗಳೆಲ್ಲ ಒಂದೇ ಕಡೆ ಸಾಲಾಗಿದ್ದರೆ ಓಲೆ ಹೋಗಿರಬೇಕು, ಅಲ್ಲಲ್ಲಿ ಚದುರಿದ್ದರೆ ಲಿಪಿಕಾರನ ಕೈತಪ್ಪಿರಬೇಕು. ಆದರೆ ಅದು ಊಹೆಯೇ ಹೊರತು ನಿರ್ಣಯವಲ್ಲ ಎಂದು ಉತ್ತರಿಸಿದಳಂತೆ. ಪ್ರವೇಶ ದೊರೆಯಿತು. ಮೊದಲ ಕಿರುಪರೀಕ್ಷೆಯಲ್ಲಿ ಅನುತ್ತೀರ್ಣಳಾದಳು, ಎರಡನೆಯದರಲ್ಲಿ ಪಾಸಾದಳು. ದೀಪಾವಳಿಗೆ ಊರಿಗೆ ಬಂದಾಗ, ತರಗತಿಯಲ್ಲಿ ಗಣಿತ ಓದಿ ಬಂದವರು ಲೆಕ್ಕವನ್ನು ತನಗಿಂತ ಬೇಗ ಮುಗಿಸುತ್ತಾರೆಂದೂ, ಪಟ್ಟಿಯ ಖಾಲಿ ಮನೆಗಳ ಬಗೆಗೆ ಮೊದಲು ಕೈಯೆತ್ತುವವಳು ತಾನೇ ಎಂದೂ ಹೇಳಿದಳು.